ಹೆಸರಿನ ಕೊನೆಯ ಸನ್, ಕುನ್, ಚನ್

ಜಪಾನಿನಲ್ಲಿ ಒಬ್ಬರ ಹೆಸರನ್ನು ಬರಿದಾಗಿ ಕೂಗುವುದು ಅತಿ ಸಲಿಗೆಯುಳ್ಳವರಿಗೆ ಮಾತ್ರ ಸಲ್ಲುವ ಸ್ವಾತಂತ್ರ್ಯವಾದುದರಿಂದ, ಉಳಿದವರೆಲ್ಲರೂ ಹೆಸರಿನ ಕೊನೆಗೆ ಸನ್, ಕುನ್, ಚನ್ ಮೊದಲಾದ ಪ್ರತ್ಯಯಗಳಲ್ಲೊಂದನ್ನು ಸೇರಿಸಿಯೇ ಕರೆಯುವರು. ಇವನ್ನು ಗೌರವದ ಮೂರು ಮೆಟ್ಟಿಲುಗಳೆಂದು ಎಣಿಸಿದವನು ಬೇಗನೆ ಎಡವುವನು. ಏಕೆಂದರೆ ಇವು ಬಹುಮಟ್ಟಿಗೆ ಅಳೆಯುವುದು ಇಬ್ಬರ ನಡುವಣ ದೂರವನ್ನು.

ಟೋಕಿಯೊದ ಕಚೇರಿಯೊಂದರಲ್ಲಿ ಸಾತೋ ಯುಮಿ ಎಂಬ ಮೂವತ್ತು ವಯಸ್ಸಿನ ಉದ್ಯೋಗಸ್ಥೆಯಿರುವಳೆಂದು ಭಾವಿಸೋಣ. ಮೇಲಧಿಕಾರಿಯೂ ಸಹೋದ್ಯೋಗಿಗಳೂ ಹೊರಗಿನಿಂದ ಬಂದವರೂ ಆಕೆಯನ್ನು ಮನೆತನದ ಹೆಸರಿನಿಂದ 'ಸಾತೋ-ಸನ್' ಎನ್ನುವರು. ಇಲ್ಲಿ ಸನ್ ಎಂಬುದಕ್ಕೆ ಬಣ್ಣವೇ ಇಲ್ಲ. ಅದೇ ಅಧಿಕಾರಿ ಒಂದು ದಿನ ಎಲ್ಲರೆದುರಿಗೆ 'ಯುಮಿ-ಚನ್, ಈ ಕಾಗದವನ್ನು ಅಲ್ಲಿಗೆ ಮುಟ್ಟಿಸು' ಎಂದರೆ, ಅವನ ಮನಸ್ಸಿನಲ್ಲಿ ವಾತ್ಸಲ್ಯವೇ ಇದ್ದರೂ, ಮಾತಿನ ಹದ ಕೆಟ್ಟುಹೋಗುತ್ತದೆ. ಚನ್ ಎಂಬುದು ಮಕ್ಕಳ ತೊದಲಿನಲ್ಲಿ ಸನ್ ತಾಳಿದ ರೂಪ. ಅದು ಕಂದಮ್ಮಗಳಿಗೂ ಸಾಕಿದ ಬೆಕ್ಕಿಗೂ ಮನೆಯ ಅಜ್ಜಿಗೂ ಬಾಲ್ಯದ ಗೆಳತಿಗೂ ಒಪ್ಪುವಂಥದು. ಕಚೇರಿಯಲ್ಲಿ ಅದು ಕೆಲಸ ಬಲ್ಲ ಹೆಂಗಸನ್ನು ಮಗುವಾಗಿಸುತ್ತದೆ. ಅವಳಾದರೋ ಅದೇ ಚನ್ನನ್ನು ಅವನ ಹೆಸರಿಗೆ ಅಂಟಿಸಿ ಹಿಂದಿರುಗಿಸಲಾರಳು. ಸಲಿಗೆ ನಿಜವೋ ಹೇರಿಕೆಯೋ ಎಂಬುದನ್ನು ತಿಳಿಯಲು ನಾನು ಕಂಡ ನಂಬತಕ್ಕ ಒರೆ ಇದೊಂದೇ: ಆ ಕರೆಯನ್ನು ಮರಳಿ ಕರೆಯಬಹುದೆ?

ಇದಕ್ಕೆ ವಿಪರ್ಯಯವೂ ಉಂಟು. ಶಾಲೆಯ ದಿನಗಳಿಂದ 'ಯುಮಿ-ಚನ್' ಎಂದೇ ಕರೆಯುತ್ತಿದ್ದ ಗೆಳತಿ ಮನಸ್ತಾಪವಾದ ಮರುದಿನ 'ಸಾತೋ-ಸನ್' ಎಂದಳೆಂದರೆ, ವ್ಯಾಕರಣದಲ್ಲಿ ಮರ್ಯಾದೆ ಹೆಚ್ಚಿತು, ಸ್ನೇಹದಲ್ಲಿ ಕದ ಮುಚ್ಚಿತು. ಇಂಥಲ್ಲಿ ಸನ್ ಬೈಗುಳಕ್ಕಿಂತಲೂ ಆಳವಾಗಿ ನೋಯಿಸುವುದು.

ಕುನ್ ಎಂಬುದರ ಗತಿ ಇನ್ನೂ ವಿಚಿತ್ರವಾದುದು. ಒಡೆಯನೆಂಬ ಅರ್ಥದ ಅಕ್ಷರದಿಂದ ಬರೆಯಲ್ಪಡುವ ಇದು ಇಂದು ಸಾಮಾನ್ಯವಾಗಿ ಹುಡುಗರಿಗೆ, ಸಮವಯಸ್ಕ ಗಂಡಸರಿಗೆ, ಹಿರಿಯನು ಕೈಕೆಳಗಿನ ಕಿರಿಯನಿಗೆ ಹೇಳುವ ಮಾತು. ಕಿರಿಯನಾಗಿದ್ದ ತನಾಕ ಎಂಬವನು ಬಡ್ತಿ ಪಡೆದು ಮುಖ್ಯಸ್ಥನಾಗಿ, ಅವನ ಹಳೆಯ ಮುಖ್ಯಸ್ಥನು ನಿವೃತ್ತಿಯ ಬಳಿಕ ಮರಳಿ ಅವನ ಕೆಳಗೇ ಕೆಲಸಕ್ಕೆ ಸೇರಿದಾಗ, ಮುದುಕನ ನಾಲಗೆಗೆ ಅಭ್ಯಾಸವಾದ 'ತನಾಕ-ಕುನ್' ಹೊಸ ಅಧಿಕಾರವನ್ನೇ ಅಲ್ಲಗಳೆದಂತೆ ಕೇಳಿಸುವುದು. ಎಲ್ಲರೂ ಎಲ್ಲರನ್ನೂ ಸನ್ ಎಂದೇ ಕರೆಯತಕ್ಕದ್ದೆಂದು ಎಷ್ಟೋ ಸಂಸ್ಥೆಗಳು ವಿಧಿಸಿರುವುದನ್ನು ನಾನು ವಿವೇಕವೆಂದೇ ತಿಳಿಯುತ್ತೇನೆ.

ಆದರೆ ಇದೇ ಕುನ್ ಜಪಾನಿನ ಸಂಸತ್ತಿನ ಕೆಳಮನೆಯಲ್ಲಿ ಕಿರಿತನದ ಸೋಂಕಿಲ್ಲದೆ ಬಾಳುತ್ತಿದೆ. ಅಲ್ಲಿ ಸಭಾಧ್ಯಕ್ಷರು ಸದಸ್ಯರನ್ನು, ಸ್ತ್ರೀಯಿರಲಿ ಪುರುಷನಿರಲಿ, ಪ್ರಧಾನಮಂತ್ರಿಯೇ ಇರಲಿ, ಕುನ್ ಎಂದು ಸಂಬೋಧಿಸುವುದು ಸಂಪ್ರದಾಯ; ಎಲ್ಲರಿಗೂ ಒಂದೇ ಆದುದರಿಂದ ಯಾರನ್ನೂ ತಗ್ಗಿಸದು. 1993ರಲ್ಲಿ ಆ ಪೀಠವನ್ನೇರಿದ ಪ್ರಥಮ ಮಹಿಳೆ ದೋಯ್ ತಕಾಕೊ ಸದಸ್ಯರನ್ನು ಸನ್ ಎಂದು ಕರೆಯತೊಡಗಿದರು. ಅವರು ಪೀಠವಿಳಿದ ಮೇಲೆ ಸಭೆ ಮತ್ತೆ ಕುನ್‌ಗೆ ಹಿಂದಿರುಗಿತು.