‘ಬರುತ್ತದೆ’ ಎಂದರೆ ಯಾರು ಬಂದರು?

ಖಾರ್ಘರ್‌ನ ಅನುವಾದಕಿಯೊಬ್ಬರು ಭೂತಾರಾಧನೆಯ ಬಗೆಗಿನ ಕನ್ನಡ ಅಧ್ಯಾಯವೊಂದನ್ನು ಇಂಗ್ಲಿಷಿಗೆ ತಂದು, ತಿದ್ದಲು ನನಗೆ ಕಳಿಸಿದರು. ಡೊಂಬಿವಲಿ ಸ್ಟೇಷನ್ ಪಕ್ಕದ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದೆ. ಪರದೆಯ ಮೇಲೆ ತಿದ್ದಿದರೆ ಕಣ್ಣು ಅಕ್ಷರ ನೋಡುತ್ತದೆ, ಕಾಗದದ ಮೇಲೆ ವಾಕ್ಯ ನೋಡುತ್ತದೆ ಎನ್ನುವುದು ನನ್ನ ನಂಬಿಕೆ.

ಮೊದಲ ಪುಟದಲ್ಲೇ ಕಂಸಗಳ ಸಂತೆ. ಅಣಿ, ಗಗ್ಗರ, ಎಣ್ಣೆಬೂಳ್ಯ, ಅರದಾಳ: ಪ್ರತಿ ಪದದ ಹಿಂದೆ ಒಂದು ವಿವರಣೆ, ಅದೇ ಪದ ಮುಂದಿನ ಪುಟದಲ್ಲಿ ಬಂದಾಗ ಬೇರೆಯೇ ವಿವರಣೆ. ಗಗ್ಗರ ಒಮ್ಮೆ ಕಾಲ್ಗೆಜ್ಜೆ, ಇನ್ನೊಮ್ಮೆ ಬರೀ ಗಂಟೆ. ಇದನ್ನು ಸರಿಪಡಿಸುವುದು ಕಷ್ಟದ ಕೆಲಸವಲ್ಲ. ಪದ ಮೊದಲು ಬಂದ ಕಡೆ ಓರೆ ಅಕ್ಷರದಲ್ಲಿಟ್ಟು, ಅರ್ಥವನ್ನು ಕಂಸದಿಂದ ಹೊರತೆಗೆದು ವಾಕ್ಯದೊಳಗೇ ಸೇರಿಸಬೇಕು. ಬೆನ್ನಿಗೆ ಕಟ್ಟುವ ದೊಡ್ಡ ಪ್ರಭಾವಳಿಯಾದ ಅಣಿ ಎಂದು ಒಮ್ಮೆ ಹೇಳಿದರಾಯಿತು, ಆಮೇಲೆ ಅಣಿ ಅಣಿಯೇ. ಎರಡು ಅಧ್ಯಾಯ ದಾಟಿ ಮರೆತವರಿಗೆ ಪುಸ್ತಕದ ಕೊನೆಯಲ್ಲಿ ಪದಕೋಶ ಇದ್ದೇ ಇದೆ. ಅರ್ಥದಲ್ಲಿ ಅನುಮಾನ ಬಂದಾಗ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದವರ ತುಳು ನಿಘಂಟು ನೋಡುತ್ತೇನೆ. 1886ರ ಮ್ಯಾನರ್ ನಿಘಂಟೂ ಉಪಯೋಗಕ್ಕೆ ಬರುತ್ತದೆ, ಆದರೆ ಅದು ಪಾದ್ರಿಯೊಬ್ಬರು ಮಾಡಿದ್ದು ಎಂಬ ಎಚ್ಚರ ಬೇಕು. ಬರ್ನೆಲ್ ಸಂಗ್ರಹಿಸಿದ ಪಾಡ್ದನಗಳು 1894ರಿಂದ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚಾದದ್ದೇ ತುಳುವರ ‘ಡೆವಿಲ್ ವರ್ಶಿಪ್’ ಎಂಬ ತಲೆಬರಹದಡಿ. ಒಂದು ತಪ್ಪು ವಿವರಣೆ ಎಷ್ಟು ಕಾಲ ಬಾಳುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹೀಗೆ ಕಂಸಗಳೆಲ್ಲ ಹೋದ ಮೇಲೆ ಪ್ರತಿಯನ್ನು ಕಲ್ಯಾಣದಲ್ಲಿರುವ ನನ್ನ ತಂಗಿಯ ಮಗಳಿಗೆ ಕೊಟ್ಟೆ. ಅವಳು ಓದಿದ್ದು ಇಂಗ್ಲಿಷಿನಲ್ಲಿ, ಆಡುವುದು ಮರಾಠಿ, ಕನ್ನಡ ಅಕ್ಷರ ಬಾರದು. ಆದರೆ ರಜೆಗೆ ಊರಿಗೆ ಹೋದಾಗ ಕೋಲ ನೋಡಿದವಳು. ಠಾಣೆ, ನವಿಮುಂಬಯಿ ಕಡೆಯ ನಮ್ಮ ಮಕ್ಕಳಲ್ಲಿ ಬಹಳ ಮಂದಿ ಹೀಗೆಯೇ, ಈ ಪುಸ್ತಕ ಕೊಳ್ಳುವವರೂ ಅವರೇ. ಅವಳಿಗೆ ಗಗ್ಗರದ ಅರ್ಥ ಬೇಕಿರಲಿಲ್ಲ, ಅದರ ಸದ್ದು ಕೇಳಿದ್ದಾಳೆ. ಅವಳು ಕೇಳಿದ್ದೇ ಬೇರೆ: “ಮಾಮಾ, ಇಲ್ಲಿ ಇಬ್ಬರಿದ್ದಾರಾ, ಒಬ್ಬರಾ?”

ಮೂಲ ತೆಗೆದು ನೋಡಿದೆ. ಜುಮಾದಿ ಕೋಲದ ವರ್ಣನೆ ಅದು. ಎಣ್ಣೆಬೂಳ್ಯ ಪಡೆದು, ಸ್ನಾನ ಮಾಡಿ, ಮುಖಕ್ಕೆ ಅರದಾಳ ಹಚ್ಚಿ, ಗಗ್ಗರ ಕಟ್ಟಿ, ಅಣಿ ಏರಿಸಿ ಅಂಗಳಕ್ಕೆ ಬರುತ್ತದೆ. ಇಷ್ಟೇ. ಎಣ್ಣೆ, ವೀಳ್ಯ ಪಡೆದು ಮಿಂದವರು ಕೋಲ ಕಟ್ಟುವ ಮನುಷ್ಯ, ಅಂಗಳಕ್ಕೆ ಬಂದದ್ದು ದೈವ. ಪಡೆದು, ಮಾಡಿ, ಹಚ್ಚಿ, ಕಟ್ಟಿ ಎಂಬ ಕ್ರಿಯಾಪದಗಳಿಗೆ ಲಿಂಗವಿಲ್ಲ, ಕರ್ತೃ ಕಾಣಬೇಕಾಗಿಯೂ ಇಲ್ಲ. ಕೊನೆಯ ‘ಬರುತ್ತದೆ’ಯಲ್ಲಿ ನಪುಂಸಕ ಪ್ರತ್ಯಯ ಬಿದ್ದಾಗಷ್ಟೇ ಆಳು ಬದಲಾದದ್ದು ಗೊತ್ತಾಗುತ್ತದೆ. ಕನ್ನಡದವರಿಗೆ ಅದು ತಡವರಿಸದೆ ದಾಟುವ ಜಾಗ. ಇಂಗ್ಲಿಷ್ ಮಾತ್ರ ವಾಕ್ಯದ ಬಾಗಿಲಲ್ಲೇ ನಿಂತು ಯಾರು ನೀನು ಎಂದು ಕೇಳುತ್ತದೆ. ಅನುವಾದಕಿ ಮೊದಲರ್ಧಕ್ಕೆ ‘ಹೀ’, ಕೊನೆಗೆ ‘ಇಟ್’ ಹಾಕಿದ್ದರು. ವ್ಯಾಕರಣ ತಪ್ಪಿಲ್ಲ, ಓದುವವರಿಗೆ ಮಾತ್ರ ಅಂಗಳಕ್ಕೆ ಯಾವುದೋ ಪ್ರಾಣಿ ನುಗ್ಗಿದಂತೆ.

ಎಲ್ಲ ಕಡೆ ‘ಹೀ’ ಹಾಕಿಬಿಡೋಣವೆಂದರೆ ಜುಮಾದಿ ಗಂಡೂ ಹೌದು, ಹೆಣ್ಣೂ ಹೌದು. ಮೊಗದಲ್ಲಿ ಮೀಸೆ, ಎದೆಯಲ್ಲಿ ಮೊಲೆಕಟ್ಟು. ಕನ್ನಡದ ನಪುಂಸಕ ಅದನ್ನು ಸಲೀಸಾಗಿ ಹೊರುತ್ತದೆ, ಇಂಗ್ಲಿಷಿನ ಮೂರು ಸರ್ವನಾಮಗಳೂ ಸೋಲುತ್ತವೆ. ನಾನು ವಾಕ್ಯವನ್ನು ಮೂರಾಗಿ ಒಡೆದೆ. ಮೊದಲನೆಯದರಲ್ಲಿ ಕೋಲ ಕಟ್ಟುವವರು, ಮೂರನೆಯದರಲ್ಲಿ ಸರ್ವನಾಮವೇ ಇಲ್ಲದೆ ಜುಮಾದಿ ಎಂಬ ಹೆಸರು. ಮುಂದಿನ ಪುಟಗಳಲ್ಲೂ ದೈವಕ್ಕೆ ಹೆಸರನ್ನೇ ಮತ್ತೆ ಮತ್ತೆ ಬರೆದೆ. ಇಂಗ್ಲಿಷಿಗೆ ಪುನರುಕ್ತಿ ಹಿಡಿಸದು, ಆದರೆ ದೇವರ ಹೆಸರಿಗೆ ಅದು ವಿನಾಯಿತಿ ಕೊಡುತ್ತದೆ.

ಉಳಿದದ್ದು ನಡುವಿನ ವಾಕ್ಯ, ಗಗ್ಗರದ್ದು. ಮನುಷ್ಯ ಮುಗಿದು ದೈವ ತೊಡಗುವುದು ಅಲ್ಲೇ. ಅದನ್ನು ‘ಕಟ್ಟಲಾಗುತ್ತದೆ’ ಎಂಬ ಕರ್ಮಣಿಯಲ್ಲಿ ಹಾಕಿದರೆ ಕಟ್ಟಿದವರೂ ಮರೆ, ಕಟ್ಟಿಸಿಕೊಂಡವರೂ ಮರೆ. ಜುಮಾದಿ ಕಟ್ಟುವ ಪಂಬದರ ಹೆಸರು ಅಧ್ಯಾಯದಲ್ಲಿ ಎಲ್ಲೂ ಬಾರದೆ ಹೋದದ್ದು ಹೀಗೆ ಕರ್ತೃವನ್ನು ಬಿಟ್ಟು ಬರೆದದ್ದರಿಂದಲೇ. ಇದು ಅನುವಾದದ ದೋಷವಲ್ಲ, ಮೂಲದಲ್ಲೇ ಹಾಗಿದೆ. ಸಂಪಾದಕ ತಾನಾಗಿ ತುಂಬುವ ಜಾಗವೂ ಅಲ್ಲ, ಊರಿಂದೂರಿಗೆ ಕ್ರಮ ಬೇರೆ. ಮಂಗಳೂರಿನಲ್ಲಿರುವ ಲೇಖಕರಿಗೆ ಫೋನ್ ಮಾಡಿದೆ.

“ಸರ್, ಗಗ್ಗರ ಯಾರು ಕಟ್ಟುವುದು?”

“ಯಾರೂ ಕಟ್ಟುವುದಲ್ಲ ಮಾರಾಯ್ರೆ, ನಾನು ನೋಡಿದಲ್ಲಿ ಗುತ್ತಿನವರ ಅಪ್ಪಣೆ ಕೇಳಿ ಪಂಬದರೇ ಕಾಲಿಗೆ ಇಟ್ಟುಕೊಳ್ಳುವುದು. ಕನ್ನಡದಲ್ಲೂ ಹಾಗೇ ಬರೆಯಬೇಕಿತ್ತು.”

ಇಂಗ್ಲಿಷ್ ಪ್ರತಿಯಲ್ಲಿ ಪಂಬದರು ಅಪ್ಪಣೆ ಕೇಳಿದರು. ಕನ್ನಡದ ಮುಂದಿನ ಮುದ್ರಣಕ್ಕೂ ಆ ವಾಕ್ಯ ತಿದ್ದಿ ಕಳಿಸಿ ಎಂದರು ಲೇಖಕರು, ಪುಟಸಂಖ್ಯೆ ಸಮೇತ ಕಳಿಸಿದೆ.