ಮೂರನೆಯ ಕೈ

ಬೆಳಗಿನ ಏಳು ಗಂಟೆ. ಇಳಕಲ್ಲಿನ ಒಂದು ಓಣಿಯಲ್ಲಿ, ತಗ್ಗು ಬಾಗಿಲಿನ ಮನೆಯೊಂದರ ಮುಂದೆ ಚಪ್ಪಲಿ ಬಿಡುತ್ತಿದ್ದೇನೆ. ಸಾಕ್ಷ್ಯಚಿತ್ರಕ್ಕಾಗಿ ಚೀಲದಲ್ಲಿ ಕ್ಯಾಮೆರಾ ತಂದಿದ್ದೇನೆ. ಎರಡು ದಿನ ಅದನ್ನು ಹೊರಗೆ ತೆಗೆಯಬಾರದು ಎಂದು ನಿರ್ಧರಿಸಿಯೇ ಬಂದಿದ್ದೇನೆ. ಈಗ ಬೇಕಾಗಿರುವುದು ನೋಟ್‌ಬುಕ್ಕು, ಪೆನ್ಸಿಲ್ಲು.

ಒಳಗೆ ಕತ್ತಲು. ಕಣ್ಣು ಹೊಂದಿಕೊಳ್ಳುವ ಮೊದಲೇ ಕಿವಿಗೆ ಮಗ್ಗ ಸಿಗುತ್ತದೆ. ಲಾಳಿ ಅತ್ತ ಓಡಿದಾಗ ಒಂದು ಸದ್ದು, ಹಣಿಗೆ ಬಡಿದಾಗ ಇನ್ನೊಂದು. ಕಾಕಾ ಕುಣಿಯಲ್ಲಿ ಕಾಲು ಇಳಿಬಿಟ್ಟು ನೆಲಮಟ್ಟದಲ್ಲಿ ಕೂತಿದ್ದಾರೆ. ನಿಂತು ನೋಡಿದರೆ ಅವರ ನೆತ್ತಿಯಷ್ಟೇ ಕಾಣುತ್ತದೆ. ನಾನು ನೆಲಕ್ಕೆ ಕೂರುತ್ತೇನೆ. ಆಗ ಮುಖ, ಕೈ, ಬಿಗಿದ ಹಾಸು ಮೂರೂ ಒಂದೇ ಸಾಲಿಗೆ ಬರುತ್ತವೆ. ಮೊದಲ ಟಿಪ್ಪಣಿ: ಕ್ಯಾಮೆರಾ ನೆಲದಿಂದ ಎರಡಡಿ ಎತ್ತರದಲ್ಲಿರಲಿ, ಮಗ್ಗದ ಕಟ್ಟಿಗೆಗೆ ತಾಗದಿರಲಿ. ಪ್ರತಿ ಬಡಿತಕ್ಕೂ ಆ ಕಟ್ಟಿಗೆ ನಡುಗುತ್ತದೆ.

ಎರಡನೆಯದು ತಲೆಯ ಮೇಲಿನ ಟ್ಯೂಬ್‌ಲೈಟು. ನಮ್ಮ ಕರೆಂಟು 50 ಹರ್ಟ್ಸ್‌ನದು. ಶಟರ್ 1/50 ಅಥವಾ 1/100ಕ್ಕೆ ಇಡದಿದ್ದರೆ ಚಿತ್ರದಲ್ಲಿ ಕಪ್ಪು ಪಟ್ಟಿಗಳು ಹರಿದಾಡಬಹುದು. ಮಗ್ಗದ ಮೇಲೆ ಅಂಥ ಪಟ್ಟಿ ಬಂದರೆ ನೇಯ್ಗೆಯ ದೋಷವೇ ಅನ್ನಿಸುತ್ತದೆ.

‘ಚಾ ತಗೋರಿ,’ ಎಂದು ಕಾಕು ಲೋಟ ಇಡುತ್ತಾರೆ. ಇನ್ನೊಂದು ಕೈ ರಾಟೆಯ ಮೇಲೇ ಇದೆ. ಕಂಡಿಕೆಗೆ ನೂಲು ಸುತ್ತಿಕೊಳ್ಳುತ್ತಿದೆ.

ಊರಿನಿಂದ ಬರೆದು ತಂದ ಪ್ರಶ್ನೆಗಳಲ್ಲಿ ಮೊದಲನೆಯದನ್ನು ಕೇಳುತ್ತೇನೆ. ‘ಕಾಕಾ, ನೇಕಾರಿಕೆ ಅಂದರೆ ನಿಮಗೆ ಏನು?’

‘ಹೊಟ್ಟಿಪಾಡ್ರಿ.’ ಲಾಳಿ ಓಡುತ್ತದೆ. ಅಲ್ಲಿಗೆ ಮುಗಿಯಿತು.

ತಪ್ಪು ನನ್ನದೇ. ಅಂಥ ಪ್ರಶ್ನೆಗೆ ಅಂಥದೇ ಉತ್ತರ ಬರುತ್ತದೆ. ಹಾಳೆ ಮಡಚಿ, ಕಣ್ಣೆದುರು ನಡೆಯುತ್ತಿರುವುದನ್ನು ಹಿಡಿದು ಕೇಳುತ್ತೇನೆ. ‘ಒಂದು ಎಳಿ ಕಡಿದರೆ ನಿಮಗೆ ಹೆಂಗ ಗೊತ್ತಾಗ್ತದ?’

ಕೈ ನಿಲ್ಲುತ್ತದೆ. ‘ಕಣ್ಣಿಗಿಂತ ಮೊದಲ ಕಾಲಿಗೆ ಗೊತ್ತಾಗ್ತೈತ್ರಿ. ತುಳಿಯೂದು ಹಗುರ ಆಗ್ತೈತಿ.’ ಅಲ್ಲಿಂದ ಮಾತು ಅವರ ಅಪ್ಪನ ಕಡೆಗೆ, ಮೊದಲು ಕೆಡಿಸಿದ ಸೀರೆಯ ಕಡೆಗೆ, ಅದಕ್ಕೆ ಕಡಿತವಾದ ಕೂಲಿಯ ಕಡೆಗೆ ತಾನಾಗಿ ಹರಿಯುತ್ತದೆ.

ಮಧ್ಯಾಹ್ನದೊಳಗೆ ಹಾಳೆಯಲ್ಲಿ ಹೊಸ ಪ್ರಶ್ನೆಗಳಿವೆ.

ಕಾಕಾ ಅವರಿಗೆ:
- ನಿನ್ನೆ ಮಗ್ಗಕ್ಕೆ ಇಳಿದಾಗಿನಿಂದ ಏಳುವವರೆಗೆ ಏನೇನಾಯಿತು?
- ಸಾವಕಾರರು ಸೀರೆ ಬಿಚ್ಚಿ ನೋಡುವಾಗ ಮೊದಲು ಎಲ್ಲಿ ನೋಡುತ್ತಾರೆ?
- ಪವರ್‌ಲೂಮಿನ ಸೀರೆಯನ್ನು ಕತ್ತಲಲ್ಲಿ ಕೈಗೆ ಕೊಟ್ಟರೆ ಹೇಗೆ ಗುರುತಿಸುತ್ತೀರಿ?

ಕಾಕು ಅವರಿಗೆ, ಬೇರೆಯಾಗಿ, ಅಡುಗೆಮನೆಯಲ್ಲಿ:
- ಒಂದು ಸೀರೆ ಇಳಿಯುವಷ್ಟರಲ್ಲಿ ನಿಮ್ಮ ಕೈಯಿಂದ ಏನೇನು ಆಗಿರುತ್ತದೆ?
- ಕೂಲಿ ಯಾರ ಹೆಸರಲ್ಲಿ ಬರುತ್ತದೆ?

ಕೊನೆಯ ಪ್ರಶ್ನೆಗಾಗಿಯೇ ಅವರನ್ನು ಬೇರೆ ಕೂರಿಸಬೇಕು. ಕೂಲಿ ಸೀರೆಯ ಲೆಕ್ಕದಲ್ಲಿ ಬರುತ್ತದೆ. ರಾಟೆ ಸುತ್ತುವುದಕ್ಕೆ, ಹಾಸು ಮಾಡುವುದಕ್ಕೆ ಬೇರೆ ಕೂಲಿ ಇಲ್ಲ. ಗಂಡ ಎದುರಿಗೆ ಕೂತಿದ್ದರೆ ಅದಕ್ಕೆ ಬರುವ ಉತ್ತರವೇ ಬೇರೆ.

ಸಂದರ್ಶನ ಯಾವಾಗ? ಮಗ್ಗ ನಡೆಯುವಾಗ ಆಗದು. ಸದ್ದು ದೊಡ್ಡದು ಎಂಬುದಷ್ಟೇ ಕಾರಣವಲ್ಲ, ಅದಕ್ಕೆ ತಾಳವಿದೆ. ಮಾತಿನ ನಡುವೆ ಒಂದು ವಾಕ್ಯ ಕತ್ತರಿಸಿದರೆ ಹಿನ್ನೆಲೆಯ ತಾಳ ತಪ್ಪುತ್ತದೆ, ನೋಡುವವರಿಗೆ ಕತ್ತರಿ ಬಿದ್ದದ್ದು ಕೇಳಿಸಿಬಿಡುತ್ತದೆ. ಹಿಂದೊಮ್ಮೆ ಹೀಗೆಯೇ ಎರಡು ಗಂಟೆಯ ಮಾತನ್ನು ಕಳೆದುಕೊಂಡಿದ್ದೇನೆ. ಮಗ್ಗ ನಿಲ್ಲಿಸಿ ಎನ್ನಲೂ ಆಗದು, ನಿಂತ ಹೊತ್ತಿಗೆಲ್ಲ ಕೂಲಿ ಹೋಗುತ್ತದೆ. ಕಾಕು ದಾರಿ ತೋರಿಸುತ್ತಾರೆ. ‘ಅಮಾಸಿ ದಿನ ನಾವು ಮಗ್ಗ ಮುಟ್ಟಂಗಿಲ್ರಿ. ಅವತ್ತ ಬರ್ರಿ.’ ಸಂದರ್ಶನ ಅಮಾವಾಸ್ಯೆಗೆ. ಮಗ್ಗದ ಸದ್ದನ್ನು ಬೇರೆ ದಿನ, ಬೇರೆಯಾಗಿ ಐದು ನಿಮಿಷ ಧ್ವನಿಮುದ್ರಿಸಿಕೊಂಡರೆ ಮಾತಿನ ಅಡಿಯಲ್ಲಿ ಬೇಕಾದ ಕಡೆ ಹಾಸಬಹುದು.

ಸಂಜೆ ಬಿ-ರೋಲ್ ಪಟ್ಟಿ ಬರೆಯುತ್ತೇನೆ. ಒಂದೊಂದು ದೃಶ್ಯವನ್ನೂ ಕನಿಷ್ಠ ಹತ್ತು ಸೆಕೆಂಡ್ ಅಲುಗಿಸದೆ ಹಿಡಿಯಬೇಕು.

- ಕುಣಿಯೊಳಗಿನ ಪಾದಗಳು. ತುಳಿತಕ್ಕೆ ಎಳೆಗಳು ಬಾಯ್ದೆರೆಯುವುದು
- ಲಾಳಿಯೊಳಗೆ ಕಂಡಿಕೆ ತೀರುತ್ತ ಬರುವುದು, ಬದಲಾಗುವುದು
- ಕಡಿದ ಎಳೆಗೆ ಗಂಟು ಹಾಕುವ ಬೆರಳು, ಅತಿ ಹತ್ತಿರದಿಂದ
- ಕಾಕುವಿನ ರಾಟೆ. ಅದೇ ಕೈ ರೊಟ್ಟಿ ತಟ್ಟುವುದು
- ಓಣಿ: ಪಕ್ಕದ ಮನೆಯ ಪವರ್‌ಲೂಮ್ ಸದ್ದು ಈ ಮನೆಯ ಸದ್ದನ್ನು ಮುಳುಗಿಸುವ ಜಾಗ
- ಗ್ರಾನೈಟ್ ಪಾಲಿಶ್ ಘಟಕದ ಗೇಟು, ಪಾಳಿ ಬಿಡುವ ಹೊತ್ತು

ಕೊನೆಯದು ಮಗನಿಗಾಗಿ. ಇಳಕಲ್ಲಿನ ಕೆಂಪು ಗ್ರಾನೈಟು ಸೀರೆಯಷ್ಟೇ ಹೆಸರುವಾಸಿ. ಈ ಮನೆಯ ಮಗ ಆ ಘಟಕಕ್ಕೆ ಕೆಲಸಕ್ಕೆ ಹೋಗುತ್ತಾನೆ. ಪಟ್ಟಿ ಮುಗಿದರೂ ಕತೆ ಇನ್ನೂ ಸಿಕ್ಕಿಲ್ಲ. ‘ಅಳಿಯುತ್ತಿರುವ ಕಲೆ’ ಎಂದು ಬರೆದು ತಂದದ್ದನ್ನು ಹೊಡೆದುಹಾಕಿದ್ದೇನೆ. ಅದು ಯಾವ ಮನೆಗೆ ಬೇಕಾದರೂ ಹೊಂದುತ್ತದೆ.

ಎರಡನೆಯ ದಿನ ಮಧ್ಯಾಹ್ನ ಕಾಕಾ ತಟ್ಟನೆ ಹೇಳುತ್ತಾರೆ. ‘ಇವತ್ತ ಕೊಂಡಿ ಐತ್ರಿ. ಮಗ ಬರ್ತಾನ, ನಿಂದರ್ರಿ.’

ಇಳಕಲ್ ಸೀರೆಯ ಗುಟ್ಟು ಇಲ್ಲಿದೆ. ಸಾಮಾನ್ಯವಾಗಿ ಸೀರೆಯ ಒಡಲಿನ ಹಾಸೇ ಸೆರಗಿನಲ್ಲೂ ಮುಂದುವರಿಯುತ್ತದೆ. ಹಾಗಾಗಿ ಅಡ್ಡ ಎಳೆ ಕೆಂಪಾದರೂ ಒಡಲಿನ ಬಣ್ಣ ಅದರಲ್ಲಿ ಬೆರೆತೇ ಇರುತ್ತದೆ. ಇಲ್ಲಿ ಹಾಗಲ್ಲ. ಒಡಲಿಗೆ ಹತ್ತಿಯ ಹಾಸು, ಸೆರಗಿಗೆ ರೇಷ್ಮೆಯ ಬೇರೆಯೇ ಹಾಸು. ಒಂದರ ಕುಣಿಕೆಯೊಳಗೆ ಇನ್ನೊಂದರ ಕುಣಿಕೆ ಸಿಕ್ಕಿಸಿ ಕೂಡಿಸುವುದೇ ಕೊಂಡಿ. ಅದರಿಂದಲೇ ಸೆರಗಿಗೆ ಅಚ್ಚ ಕೆಂಪು. ಈ ಕೆಲಸಕ್ಕಾಗಿ ಒಂದೊಂದು ಸೀರೆಗೂ ಹಾಸು ಪ್ರತ್ಯೇಕ ಮಾಡಬೇಕು. ಸೀರೆಯನ್ನು ಮಗುಚಿ, ಬಣ್ಣ ಬದಲಾಗುವಲ್ಲಿ ಕುಣಿಕೆಗಳ ಸಣ್ಣ ಸಾಲು ಇದೆಯೇ ನೋಡಿದರೆ ಕೊಂಡಿ ಹಾಕಿದ್ದು ಹೌದೋ ಅಲ್ಲವೋ ತಿಳಿಯುತ್ತದೆ.

ನೋಟ್‌ಬುಕ್ಕಿನಲ್ಲಿ ಕತೆ ಈಗ ತಾನಾಗಿಯೇ ಮೂರು ಭಾಗವಾಗುತ್ತದೆ. ಮೊದಲು ಹಾಸು: ಒಬ್ಬೊಬ್ಬರೂ ತಮ್ಮ ತಮ್ಮ ಮೂಲೆಯಲ್ಲಿ, ತಮ್ಮ ಕೆಲಸದಲ್ಲಿ. ನಡುವೆ ಕೊಂಡಿ: ಮೂರು ಜನ ಒಂದೇ ಎಳೆಯ ಮುಂದೆ. ಕೊನೆಗೆ ಸೀರೆ ಇಳಿಯುವ ದಿನ: ಸಾವಕಾರರ ಅಂಗಡಿ, ಲೆಕ್ಕದ ಪುಸ್ತಕ, ಕೈಗೆ ಬಂದ ಹಣ. ಇಪ್ಪತ್ತೆರಡು ನಿಮಿಷದ ಚಿತ್ರದಲ್ಲಿ ನಡುವಿನ ಭಾಗಕ್ಕೇ ಎಂಟು ನಿಮಿಷ. ಕೊಂಡಿಯ ತಾರೀಖು ನಾನು ಗೊತ್ತುಮಾಡುವಂಥದ್ದಲ್ಲ, ಹಿಂದಿನ ಸೀರೆ ತೀರಿದಾಗ ಬರುತ್ತದೆ. ‘ಇನ್ನೊಮ್ಮೆ ಮಾಡಿ’ ಎಂದು ಕೇಳುವಂತೆಯೂ ಇಲ್ಲ. ಎರಡು ಕ್ಯಾಮೆರಾ ಬೇಕು, ಒಂದು ಕೈಗಳಿಗೆ, ಇನ್ನೊಂದು ಮುಖಗಳಿಗೆ. ಇಳಕಲ್ಲಿನಲ್ಲೇ ಕಾದು ಕೂರಬೇಕು.

ಮೂರೂವರೆಗೆ ಮಗ ಬರುತ್ತಾನೆ. ಹುಬ್ಬಿನ ಮೇಲೆ ಕಲ್ಲಿನ ಧೂಳು. ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಕೈ ತೊಳೆಯುತ್ತಾನೆ, ಮತ್ತೊಮ್ಮೆ ತೊಳೆಯುತ್ತಾನೆ. ಅವ್ವನ ಪಕ್ಕ ಕೂತು ಕೆಂಪು ಕುಣಿಕೆಯೊಂದನ್ನು ಬೆರಳಲ್ಲಿ ಎತ್ತುತ್ತಾನೆ. ಬೆರಳಿನ ಒರಟಿಗೆ ರೇಷ್ಮೆ ಸಿಕ್ಕಿಕೊಂಡು ಒಂದು ನವಿರು ನಾರು ಎದ್ದು ನಿಲ್ಲುತ್ತದೆ.

ಯಾರೂ ಏನೂ ಅನ್ನುವುದಿಲ್ಲ. ಕಾಕು ಆ ಕುಣಿಕೆಯನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸಿಕೊಳ್ಳುತ್ತಾರೆ. ‘ನೀ ಆ ಕಡಿ ಹಿಡಿ.’

ಅವನು ಎದ್ದು ಹತ್ತಿಯ ಹಾಸಿನ ತುದಿಗೆ ಹೋಗುತ್ತಾನೆ. ಹಿಮ್ಮಡಿ ಊರಿ ಬಿಗಿಯಾಗಿ ಎಳೆದು ನಿಲ್ಲುತ್ತಾನೆ.

ಅವನಿಗೆಂದು ಬರೆದಿಟ್ಟುಕೊಂಡಿದ್ದ ಪ್ರಶ್ನೆ ಒಂದಿತ್ತು: ‘ಮುಂದೆ ನೀನು ಮಗ್ಗಕ್ಕೆ ಕೂರುತ್ತೀಯಾ?’ ಅದನ್ನು ಹೊಡೆದುಹಾಕುತ್ತೇನೆ. ಬಿ-ರೋಲ್ ಪಟ್ಟಿಯ ಕೊನೆಗೆ ಒಂದು ಸಾಲು ಸೇರಿಸುತ್ತೇನೆ: ಮಗ ಕೈ ತೊಳೆಯುವುದು, ಎರಡು ಸಲವೂ, ಪೂರ್ತಿ.