101 ಎಂಬ ಅಂಕಿಯ ಹಿಂದೆ

ಕಲಿಕಾ ನ್ಯೂನತೆಯ ಶಂಕೆಯಿರುವ ಮಗುವಿನ ವರದಿ ಕೈಗೆ ಬಂದಾಗ ಶಾಲೆಯವರು ಮೊದಲು ಹುಡುಕುವುದು ಒಂದೇ ಅಂಕಿಯನ್ನು: ಐಕ್ಯೂ ಎಷ್ಟು? ಜಯನಗರದ ಸಣ್ಣ ಕ್ಲಿನಿಕ್ಕೊಂದರಲ್ಲಿ ಮನೋವಿಜ್ಞಾನಿಯಾಗಿ ಇಂಥ ವರದಿ ಬರೆಯುವ ನಾನು ಆ ಅಂಕಿಯನ್ನು ಮೊದಲ ಪುಟದಲ್ಲಿ ಹಾಕುವುದಿಲ್ಲ. ಏಕೆಂಬುದನ್ನು ಒಂದು ವರದಿಯ ಮೂಲಕವೇ ಹೇಳುತ್ತೇನೆ. ಬೋಧನಾಭ್ಯಾಸಕ್ಕೆ ಹೋಗುವ ನಿಮ್ಮ ಕೈಗೂ ಇಂಥದ್ದೊಂದು ಬರಬಹುದು.

ಬನಶಂಕರಿ ಕಡೆಯ ಹುಡುಗ, ಹತ್ತು ವರ್ಷ, ಇಂಗ್ಲಿಷ್ ಮಾಧ್ಯಮದಲ್ಲಿ ಐದನೇ ತರಗತಿ, ಮನೆಮಾತು ಕನ್ನಡ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಶಾಲೆಯ ಚೀಟಿಯಲ್ಲಿ, ಬಾಯಲ್ಲಿ ಎಲ್ಲ ಹೇಳುತ್ತಾನೆ, ಬರೆಯಲು ಸೋಮಾರಿ ಎಂದಿತ್ತು. ತಾಯಿ ಕೇಳಿದ್ದು ಇಷ್ಟೇ: "ಮೇಡಂ, ಇವನು ದಡ್ಡನಾ? ಮುಂದಿನ ವರ್ಷ ಬೇರೆ ಶಾಲೆ ನೋಡ್ಕೊಳ್ಳಿ ಅಂತಿದ್ದಾರೆ."

ಕಣ್ಣು, ಕಿವಿ ಪರೀಕ್ಷೆ ಆಗಿತ್ತು, ಶಾಲೆ ತಪ್ಪಿಸಿದವನಲ್ಲ. ಹಾಗಾಗಿ ಮಾಲಿನ್ ಅವರ ಬುದ್ಧಿ ಪರೀಕ್ಷೆಯಿಂದ ಶುರು ಮಾಡಿದೆ. ನಾವು 'ಮಿಸಿಕ್' ಎನ್ನುವುದು ಇದನ್ನೇ. ಇದರಲ್ಲಿ ಪ್ರತಿ ಉಪಪರೀಕ್ಷೆಗೂ ಬೇರೆ ಬೇರೆ ಅಂಕ ಬರುತ್ತದೆ, ಆ ವಯಸ್ಸಿನ ಸರಾಸರಿ 100. ಎರಡು ವಸ್ತುಗಳ ಸಾಮ್ಯ ಹೇಳುವುದರಲ್ಲಿ ಹುಡುಗನಿಗೆ 118, ಬಣ್ಣದ ಘನಗಳಿಂದ ವಿನ್ಯಾಸ ಕಟ್ಟುವುದರಲ್ಲಿ 116. ಕೇಳಿದ ಅಂಕಿಗಳನ್ನು ಮರಳಿ ಹೇಳುವುದರಲ್ಲಿ 80, ಚಿಹ್ನೆಗಳನ್ನು ವೇಗವಾಗಿ ನಕಲು ಮಾಡುವುದರಲ್ಲಿ 82, ಬಾಯಿಲೆಕ್ಕದಲ್ಲಿ 84. ಉಳಿದವು ಸರಾಸರಿ, ಇಲ್ಲವೇ ತುಸು ಮೇಲೆ. ಎಲ್ಲ ಕೂಡಿಸಿ ಭಾಗಿಸಿದರೆ 101.

ಈ 101 ಹುಡುಗನ ಪಾಲಿಗೆ ಅಪಾಯದ ಅಂಕಿ. ಕಡಿಮೆ ಬಂದಿದ್ದರೆ 'ದಡ್ಡ' ಎನ್ನುತ್ತಿದ್ದರು. ಸರಿಯಾಗಿ ಬಂದರೆ 'ನೋಡಿ, ಸೋಮಾರಿಯೇ' ಎನ್ನುತ್ತಾರೆ. 118ಕ್ಕೂ 80ಕ್ಕೂ ನಡುವಿನ ಕಂದಕವನ್ನು ಸರಾಸರಿ ಮುಚ್ಚಿಹಾಕುತ್ತದೆ. ಮೇಲಾಗಿ ಮಿಸಿಕ್‌ನ ಮಾನದಂಡಗಳು ಅರ್ಧ ಶತಮಾನದಷ್ಟು ಹಳೆಯವು. ಒಂದೆರಡು ಅಂಕದ ವ್ಯತ್ಯಾಸಕ್ಕೆ ನಾನು ಬೆಲೆ ಕೊಡುವುದಿಲ್ಲ. ಇಷ್ಟು ದೊಡ್ಡ ಅಂತರಕ್ಕೆ ಕೊಡುತ್ತೇನೆ.

ಆದರೆ ಅಂತರವೊಂದರಿಂದಲೇ ಕಲಿಕಾ ನ್ಯೂನತೆ ಎಂದು ಬರೆಯುವಂತಿಲ್ಲ. ಅದಕ್ಕೆ ಓದು, ಬರಹ, ಲೆಕ್ಕವನ್ನು ನೇರವಾಗಿ ನೋಡಬೇಕು. ನಮ್ಮ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲೇ ರೂಪುಗೊಂಡ ಪರೀಕ್ಷಾ ಸರಣಿ ಇದಕ್ಕೆ ಬಳಕೆಯಲ್ಲಿದೆ. ಹುಡುಗ ಎರಡನೇ ತರಗತಿಯ ಇಂಗ್ಲಿಷ್ ಪಾಠವನ್ನು ಬೆರಳಿಟ್ಟು ತಡೆತಡೆದು ಓದಿದ; ಮೂರನೆಯದರಲ್ಲಿ ಪದಗಳನ್ನು ಊಹಿಸತೊಡಗಿದ. ಐದನೇ ತರಗತಿಯ ಪಾಠವನ್ನು ನಾನೇ ಓದಿ ಹೇಳಿದಾಗ ಪ್ರಶ್ನೆಗಳಿಗೆಲ್ಲ ಸರಿಯುತ್ತರ ಕೊಟ್ಟ. ಗ್ರಹಿಕೆ ಇದೆ, ಅಕ್ಷರದಿಂದ ಪದಕ್ಕೆ ಹೋಗುವ ದಾರಿ ಕಟ್ಟಿದೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಗುರುತು ಬೇಕಿಲ್ಲ.

ಬೆಂಗಳೂರಿನಲ್ಲಿ ಇನ್ನೊಂದು ಪ್ರಶ್ನೆಯನ್ನು ಬಿಡುವಂತಿಲ್ಲ. ಇದು ಬರೀ ಇಂಗ್ಲಿಷ್ ಸಾಲದ್ದರಿಂದ ಆಗಿರಬಹುದೇ? ಅದಕ್ಕೇ ಕನ್ನಡದಲ್ಲೂ ಉಕ್ತಲೇಖನ ಕೊಟ್ಟೆ. 'ಬೆಟ್ಟ' 'ಬೆಟ' ಆಯಿತು, 'ಕತ್ತೆ' 'ಕತೆ' ಆಯಿತು, ದೀರ್ಘಗಳು ಉದುರಿದವು. ಅದೇ ಪದಗಳನ್ನು ನೋಡಿ ಬರೆದಾಗ, ನಿಧಾನವಾದರೂ, ತಪ್ಪಿರಲಿಲ್ಲ. ಎರಡೂ ಭಾಷೆಗಳಲ್ಲಿ ಒಂದೇ ಬಗೆಯ ತೊಡಕು ಕಂಡಿದ್ದರಿಂದ 'ಓದು ಮತ್ತು ಬರಹದಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ' ಎಂದು ಬರೆದೆ. ಕನ್ನಡ ಸಲೀಸಾಗಿ ಬಂದಿದ್ದರೆ ಹಾಗೆ ಬರೆಯುತ್ತಿರಲಿಲ್ಲ.

ಇನ್ನು ವರದಿ. ಪೋಷಕರಿಗೆ ಕನ್ನಡದಲ್ಲಿ ಒಂದೇ ಪುಟ. ಮೊದಲ ಸಾಲು ತಾಯಿಯ ಪ್ರಶ್ನೆಗೆ ಉತ್ತರ: "ನಿಮ್ಮ ಮಗ ದಡ್ಡನಲ್ಲ, ಸೋಮಾರಿಯೂ ಅಲ್ಲ. ಕೇಳಿ ಅರ್ಥ ಮಾಡಿಕೊಳ್ಳುವುದನ್ನು ಓದಿ ಅರ್ಥ ಮಾಡಿಕೊಳ್ಳಲಾರ." ಶಾಲೆಯ ಪ್ರತಿಯಲ್ಲಿ ಹೆರಿಗೆಯ ತೊಂದರೆ, ಮನೆಯ ಜಗಳಗಳ ವಿವರ ಇರುವುದಿಲ್ಲ; ಅವು ನನ್ನ ಕಡತದಲ್ಲಿ ಉಳಿಯುತ್ತವೆ. ಶಾಲೆಗೆ ಏನು ಹೋಗುತ್ತದೆಂದು ತಂದೆತಾಯಿಗೆ ಓದಿ ಹೇಳಿ, ಒಪ್ಪಿಗೆ ಪಡೆದೇ ಕಳಿಸುತ್ತೇನೆ.

'ಪರಿಹಾರ ಬೋಧನೆ ಅಗತ್ಯ' ಎಂಬ ಸಾಲು ಬಹಳ ವರದಿಗಳಲ್ಲಿದೆ. ಅದನ್ನು ಓದಿದ ಶಿಕ್ಷಕಿ ನಾಳೆ ಬೆಳಿಗ್ಗೆ ಏನು ಮಾಡಬೇಕು? ಆದ್ದರಿಂದ ಪ್ರತಿ ಸಲಹೆಯನ್ನೂ ಒಂದು ಫಲಿತಾಂಶಕ್ಕೆ ಕಟ್ಟಿ ಬರೆಯುತ್ತೇನೆ. ನಾಲ್ಕು ಅಂಕಿಯಾಚೆ ನೆನಪು ನಿಲ್ಲುವುದಿಲ್ಲ, ಆದ್ದರಿಂದ ಸೂಚನೆಗಳನ್ನು ಒಂದೊಂದಾಗಿ ಕೊಡಿ. ನಕಲು ನಿಧಾನ, ಆದ್ದರಿಂದ ಬೋರ್ಡಿನ ಟಿಪ್ಪಣಿಯ ಪ್ರತಿ ಕೊಡಿ. ತರಗತಿಯ ಮುಂದೆ ನಿಲ್ಲಿಸಿ ಗಟ್ಟಿಯಾಗಿ ಓದಿಸಬೇಡಿ.

ಕೊನೆಯಲ್ಲಿ ವರದಿಯ ಮಿತಿಯನ್ನೂ ಬರೆಯುತ್ತೇನೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಈ ನ್ಯೂನತೆ ಇದೆ. ಆದರೆ ಪ್ರಮಾಣಪತ್ರ ಕೊಡುವುದು ಸರ್ಕಾರ ನೇಮಿಸಿದ ಪ್ರಾಧಿಕಾರ, ನನ್ನ ಕ್ಲಿನಿಕ್ ಅಲ್ಲ.

ವರದಿ ತಲುಪಿದ ವಾರ ತರಗತಿ ಶಿಕ್ಷಕಿ ಫೋನ್ ಮಾಡಿದರು. 101ರ ಬಗ್ಗೆ ಕೇಳಲಿಲ್ಲ. "ವಿಜ್ಞಾನದ ಟೆಸ್ಟಲ್ಲಿ ಸ್ಪೆಲ್ಲಿಂಗಿಗೆ ಅಂಕ ಕಳೀಬೇಕಾ?" ಎಂದರು. ಬೇಡ, ಅಲ್ಲಿ ಅಳೆಯುತ್ತಿರುವುದು ವಿಜ್ಞಾನ ಎಂದೆ. ಶಾಲೆಯ ಪ್ರತಿಗೆ ಆ ಸಾಲನ್ನೂ ಸೇರಿಸಿ ಮತ್ತೆ ಕಳಿಸಿದೆ.